‘ಎಂಬತ್ತು ಪರ್ಸೆಂಟ್ ಆಗಿದೆ ಸರ್’

ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟ್ ರಿವ್ಯೂಗಳಲ್ಲಿ ಕೂತವರಿಗೆ ಈ ಮಾತು ಚೆನ್ನಾಗಿ ಗೊತ್ತು. “ಎಲ್ಲಿಗೆ ಬಂತಪ್ಪಾ?” ಎಂದು ಗೈಡ್ ಕೇಳುತ್ತಾರೆ. “ಎಂಬತ್ತು ಪರ್ಸೆಂಟ್ ಆಗಿದೆ ಸರ್” ಎಂದು ಉತ್ತರ ಬರುತ್ತದೆ. ಮುಂದಿನ ತಿಂಗಳು ಕೇಳಿದರೆ ಎಂಬತ್ತೈದು. ಡೆಮೊ ದಿನ ಮಾತ್ರ ಏನೂ ಓಡುವುದಿಲ್ಲ. ಹಾಗೆಂದು ಹುಡುಗರು ಸುಳ್ಳು ಹೇಳಿರುವುದಿಲ್ಲ. ನಾಲ್ವರೂ ತಮ್ಮ ತಮ್ಮ ಪಾಲಿನ ಕೆಲಸವನ್ನು ಎಂಬತ್ತು ಪಾಲು ಮಾಡಿಯೇ ಇರುತ್ತಾರೆ. ಕೆಟ್ಟಿರುವುದು ಒಬ್ಬರ ಪಾಲಿಗೂ ಇನ್ನೊಬ್ಬರ ಪಾಲಿಗೂ ನಡುವಿನ ಸಂದಿನಲ್ಲಿ.

ಈಗ ಬಹಳ ತಂಡಗಳು ಟ್ರೆಲ್ಲೊದಂಥ ಉಚಿತ ಬೋರ್ಡ್ ಇಟ್ಟುಕೊಳ್ಳುತ್ತವೆ. ನಾಲ್ಕು ಮಂದಿಗೆ ದುಡ್ಡು ಕೊಡದ ಖಾತೆಯೇ ಧಾರಾಳ ಸಾಕು. ‘ಮಾಡಬೇಕು’, ‘ಮಾಡ್ತಿದ್ದೇವೆ’, ‘ಆಯ್ತು’ ಎಂಬ ಮೂರು ಕಂಬಸಾಲು; ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡ್. ಮೊದಲ ದಿನ ಬಣ್ಣ ಬಣ್ಣದ ಲೇಬಲ್ ಅಂಟಿಸಿ ಸಂಭ್ರಮಿಸುತ್ತಾರೆ, ಮೂರನೇ ವಾರಕ್ಕೆ ಆ ಕಡೆ ತಲೆ ಹಾಕುವುದಿಲ್ಲ. ತಪ್ಪು ಬೋರ್ಡಿನದಲ್ಲ, ಕಾರ್ಡಿನ ಮೇಲೆ ಬರೆದದ್ದರದು.

ಉದಾಹರಣೆಗೆ, ತೋಟಕ್ಕೆ ತಾನಾಗಿಯೇ ನೀರು ಬಿಡುವ ಯಂತ್ರ ಮಾಡುತ್ತಿರುವ ಒಂದು ತಂಡವನ್ನು ಕಲ್ಪಿಸಿಕೊಳ್ಳಿ. ಇದು ನಮ್ಮ ಕಾಲೇಜುಗಳ ಹಳೇ ಪರಿಚಿತ ವಿಷಯ. ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಗಳಲ್ಲೂ ಸಿಗುವಷ್ಟು ಪರಿಚಿತ. ಮಣ್ಣಿನ ತೇವ ಅಳೆಯುವ ಸೆನ್ಸರ್, ಇಎಸ್‌ಪಿ32 ಎಂಬ ಪುಟ್ಟ ವೈ-ಫೈ ಬೋರ್ಡ್, ರಿಲೇ, ಹನ್ನೆರಡು ವೋಲ್ಟಿನ ವಾಲ್ವ್, ಕೊನೆಗೆ ಮೊಬೈಲ್ ಆ್ಯಪ್. ಬೆಂಗಳೂರಿನವರಾದರೆ ಎಸ್.ಪಿ. ರೋಡಿಗೆ ಹೋಗಿ ಒಂದೇ ಮಧ್ಯಾಹ್ನ ಎಲ್ಲ ಸಾಮಾನು ತರಬಹುದು. ತಂಡ ಕೆಲಸ ಹಂಚಿಕೊಂಡಿತು: ಒಬ್ಬಳಿಗೆ ಸೆನ್ಸರ್, ಒಬ್ಬನಿಗೆ ವೈ-ಫೈ, ಒಬ್ಬನಿಗೆ ವಾಲ್ವ್, ಇನ್ನೊಬ್ಬಳಿಗೆ ಆ್ಯಪ್. ಬೋರ್ಡಿನ ಮೇಲೆ ನಾಲ್ಕೇ ಕಾರ್ಡ್. ನಾಲ್ಕೂ ‘ಮಾಡ್ತಿದ್ದೇವೆ’ಯಲ್ಲಿ ಐದು ವಾರ ಕೂತವು, ಆರನೇ ವಾರ ಒಟ್ಟಿಗೆ ‘ಆಯ್ತು’ಗೆ ಹೋದವು.

ಆಮೇಲೆ ಜೋಡಿಸಲು ಕೂತರು. ಸೆನ್ಸರ್ ಹುಡುಗಿ ತನ್ನ ತಂತಿಯನ್ನು 26ನೇ ಪಿನ್‌ಗೆ ಕೊಟ್ಟಿದ್ದಳು, ಅಳತೆ ಚೆನ್ನಾಗಿಯೇ ಬರುತ್ತಿತ್ತು. ವೈ-ಫೈ ಹುಡುಗನ ಕೋಡ್ ಸೇರಿಸಿದ ಕೂಡಲೇ ಅಳತೆ ನಿಂತುಹೋಯಿತು. ಸೆನ್ಸರ್ ಸುಟ್ಟಿದೆ ಎಂದುಕೊಂಡು ಇನ್ನೊಂದು ತಂದರು, ಅದರದೂ ಅದೇ ಹಾಡು. ಇಎಸ್‌ಪಿ32 ಬಲ್ಲವರಿಗೆ ಇದರ ಗುಟ್ಟು ಗೊತ್ತು: ಅದರಲ್ಲಿ ಅಳತೆ ಓದುವ ಪಿನ್‌ಗಳು ಎರಡು ಗುಂಪಾಗಿವೆ. ಎರಡನೇ ಗುಂಪನ್ನು ವೈ-ಫೈ ಕೂಡ ಬಳಸುವುದರಿಂದ, ವೈ-ಫೈ ಚಾಲೂ ಇರುವಾಗ ಅವುಗಳಿಂದ ಅಳತೆ ಸಿಗುವುದಿಲ್ಲ. 26 ಆ ಗುಂಪಿನದು. ತಂತಿಯನ್ನು ಮೊದಲ ಗುಂಪಿನ 34ಕ್ಕೆ ಬದಲಿಸುವುದು ಎರಡು ನಿಮಿಷದ ಕೆಲಸ. ಅದನ್ನು ಪತ್ತೆ ಹಚ್ಚಲು ಮಾತ್ರ ವಾರ ಹಿಡಿಯಿತು, ಏಕೆಂದರೆ ಇಬ್ಬರೂ “ನನ್ನದು ಸರಿ ಇದೆ” ಎನ್ನುತ್ತಿದ್ದರು. ಇಬ್ಬರದೂ ಸರಿಯಾಗಿಯೇ ಇತ್ತು.

ಇನ್ನೊಂದು ಎಡವಟ್ಟು ಆ್ಯಪಿನಲ್ಲಿ. ಇಂಥ ಕೆಪ್ಯಾಸಿಟಿವ್ ಸೆನ್ಸರ್ ಸಾಮಾನ್ಯವಾಗಿ ಮಣ್ಣು ಒಣಗಿದಷ್ಟೂ ದೊಡ್ಡ ಸಂಖ್ಯೆ ಕೊಡುತ್ತದೆ. ಆ್ಯಪ್ ಬರೆದವಳು ಸಂಖ್ಯೆ ಹೆಚ್ಚಿದರೆ ತೇವ ಹೆಚ್ಚು ಎಂದು ಹಿಡಿದಿದ್ದಳು. ಹಾಗಾಗಿ ಗಿಡಕ್ಕೆ ಬಾಯಾರಿದಾಗ ವಾಲ್ವ್ ಮುಚ್ಚಿಕೊಳ್ಳುತ್ತಿತ್ತು, ಮಣ್ಣು ಕೆಸರಾದಾಗ ತೆರೆದುಕೊಳ್ಳುತ್ತಿತ್ತು. ಈ ಎರಡು ತಪ್ಪುಗಳಿಗೂ ಬೋರ್ಡಿನ ಮೇಲೆ ಜಾಗವೇ ಇರಲಿಲ್ಲ. ಯಾರ ಕಾರ್ಡಿನಲ್ಲೂ ಇಲ್ಲದ ಕೆಲಸ ಯಾರ ಕೆಲಸವೂ ಅಲ್ಲ.

ಆದ್ದರಿಂದ ವಾರದ ಗುರಿಯನ್ನು ಆಯಾ ವ್ಯಕ್ತಿಯ ಕೆಲಸದ ಮೇಲೆ ಇಡಬಾರದು, ಸಂದಿನ ಮೇಲೆ ಇಡಬೇಕು ಎಂಬುದು ನನ್ನ ವಾದ. ಮೂರನೇ ವಾರದ ಶುಕ್ರವಾರಕ್ಕೆ ‘ಸೆನ್ಸರ್ ಮುಗಿಸುವುದು’ ಗುರಿಯಲ್ಲ. ‘ಒಂದು ಕುಂಡದ ತೇವ ಒಂದು ಫೋನಿನಲ್ಲಿ ಕಾಣಬೇಕು’ ಎಂಬುದು ಗುರಿ. ಆ್ಯಪ್ ಕುರೂಪವಾಗಿರಲಿ, ಒಂದೇ ಅಂಕಿ ತೋರಿಸಲಿ, ಪರವಾಗಿಲ್ಲ. ಪಿನ್ನಿನ ಜಗಳ ಆಗಲೇ ಹೊರಬೀಳುತ್ತದೆ. ಐದನೇ ವಾರ ಫೋನಿನ ಗುಂಡಿ ಒತ್ತಿದರೆ ವಾಲ್ವ್ ತೆರೆಯಬೇಕು. ಏಳನೇ ವಾರ ಮಣ್ಣು ಒಣಗಿದಾಗ ಯಾರೂ ಮುಟ್ಟದೆ ತೆರೆಯಬೇಕು. ಉಲ್ಟಾ ಲೆಕ್ಕ ಅಲ್ಲಿ ಸಿಕ್ಕಿಬೀಳದೆ ಇರದು. ಒಂಬತ್ತನೇ ವಾರ ಎರಡು ದಿನ ಯಾರೂ ಹತ್ತಿರ ಹೋಗದೆ ಓಡಬೇಕು. ಉಳಿದ ವಾರಗಳು ರಿಪೋರ್ಟಿಗೆ ಬೇಕೇ ಬೇಕು. ಅದನ್ನು ಬೈಂಡಿಂಗ್ ಅಂಗಡಿಯ ಮುಂದೆ ನಿಂತು ಬರೆಯುವವರೂ ಇದ್ದಾರೆ, ಆ ಮಾತು ಬೇರೆ.

ಈ ಗುರಿಗಳೆಲ್ಲ ಕಣ್ಣಿಗೆ ಕಾಣುವಂಥವು: ಓಡಿತು ಅಥವಾ ಓಡಲಿಲ್ಲ. ಎಂಬತ್ತು ಪರ್ಸೆಂಟಿಗೆ ಇಲ್ಲಿ ಆಸ್ಪದವಿಲ್ಲ.

ಗುರಿ ಹೀಗಿದ್ದರೆ ಕಾರ್ಡುಗಳೂ ತಾವಾಗಿಯೇ ಸಣ್ಣವಾಗುತ್ತವೆ. ‘ಸೆನ್ಸರ್ ಕೆಲಸ’ ಎಂಬುದು ಕಾರ್ಡಲ್ಲ. ‘ಒಣ ಮಣ್ಣು, ಹಸಿ ಮಣ್ಣು, ನೀರು ನಿಂತ ಮಣ್ಣು: ಮೂರರ ಅಂಕಿ ಬರೆದು ಆ್ಯಪಿನವಳಿಗೆ ಕೊಡು’ ಎಂಬುದು ಕಾರ್ಡು. ಎರಡು ಶುಕ್ರವಾರ ಒಂದೇ ಕಡೆ ಕೂತ ಕಾರ್ಡನ್ನು ಒಡೆಯಬೇಕು, ಇಲ್ಲವೇ ಅದು ಯಾಕೆ ನಿಂತಿದೆ ಎಂದು ಕೇಳಬೇಕು. ಸಾಮಾನು ಬರಲಿ ಎಂದು ನಿಂತಿದ್ದರೆ ಅದಕ್ಕೆ ‘ಕಾಯ್ತಿದೆ’ ಎಂಬ ನಾಲ್ಕನೇ ಸಾಲು ಮಾಡಿ. ಕಾಯುವುದನ್ನೂ ‘ಮಾಡ್ತಿದ್ದೇವೆ’ಯಲ್ಲಿ ಅಡಗಿಸಿದರೆ ಬೋರ್ಡೇ ಸುಳ್ಳಾಗುತ್ತದೆ.

ಒಬ್ಬರ ಕೈಯಲ್ಲಿ ಒಮ್ಮೆಗೆ ಎರಡಕ್ಕಿಂತ ಹೆಚ್ಚು ಕಾರ್ಡ್ ಬೇಡ. ಇದು ಹೊಸ ಬುದ್ಧಿವಂತಿಕೆಯಲ್ಲ. ಈ ಕಾರ್ಡಿನ ಪದ್ಧತಿಯ ಮೂಲ ಜಪಾನಿನ ಟೊಯೋಟಾ ಕಾರ್ಖಾನೆ, ಅದನ್ನು ರೂಪಿಸಿದವರು ತೈಚಿ ಓನೊ. ಅಲ್ಲಿ ಕಾರ್ಡ್ ಬಾರದೆ ಹೊಸ ಬಿಡಿಭಾಗ ತಯಾರಿಸುವಂತಿರಲಿಲ್ಲ. ಹೆಚ್ಚು ಮಾಡಿ ರಾಶಿ ಹಾಕುವುದಕ್ಕೆ ತಡೆಯಾಗಿಯೇ ಆ ಕಾರ್ಡ್ ಇದ್ದದ್ದು. ನಮ್ಮ ಹುಡುಗರು ಅದನ್ನು ಪಟ್ಟಿ ಬರೆಯುವ ಚೀಟಿ ಮಾಡಿಕೊಂಡಿದ್ದಾರೆ.

ಮತ್ತೊಂದು ಸಣ್ಣ ನಿಯಮವನ್ನೂ ಪಾಲಿಸಿ ನೋಡಿ. ಕಾರ್ಡನ್ನು ‘ಆಯ್ತು’ಗೆ ಸರಿಸುವವರು ಕೆಲಸ ಮಾಡಿದವರಾಗಿರಬಾರದು. ಆ ಕೆಲಸದ ಫಲ ಬಳಸುವವರು, ಅಂದರೆ ಸೆನ್ಸರಿನ ಅಂಕಿಗೆ ಆ್ಯಪಿನವಳು, ಪರೀಕ್ಷಿಸಿ ಸರಿಸಲಿ. ಸಂದಿನ ತಪ್ಪುಗಳಲ್ಲಿ ಬಹುಪಾಲು ಅಲ್ಲೇ ಸಿಗುತ್ತವೆ.

ಬೋರ್ಡಿಗೂ ಮಿತಿಯಿದೆ. ಒಬ್ಬನೇ ದುಡಿದು ಮೂವರು ಹೆಸರು ಹಾಕಿಸಿಕೊಳ್ಳುವ ತಂಡವನ್ನು ಅದು ಸರಿಪಡಿಸದು. ಆದರೆ ಯಾರು ಯಾವ ದಿನ, ಎಷ್ಟು ಗಂಟೆಗೆ ಯಾವ ಕಾರ್ಡ್ ಸರಿಸಿದರು ಎಂಬುದು ಅದರ ಚಟುವಟಿಕೆಯ ದಾಖಲೆಯಲ್ಲಿ ಉಳಿಯುತ್ತದೆ. ರಿವ್ಯೂ ಹಿಂದಿನ ರಾತ್ರಿ ಹನ್ನೊಂದಕ್ಕೆ ಒಂಬತ್ತು ಕಾರ್ಡ್ ಒಟ್ಟಿಗೆ ‘ಆಯ್ತು’ಗೆ ಹಾರಿದ್ದರೆ ಅದೇ ಕಥೆ ಹೇಳುತ್ತದೆ.

ಗೈಡ್‌ಗಳಲ್ಲಿ ಒಂದು ಕೋರಿಕೆ. ಮುಂದಿನ ರಿವ್ಯೂಗೆ ಪಿಪಿಟಿ ಕೇಳಬೇಡಿ. ಬೋರ್ಡ್ ತೆರೆಯಲು ಹೇಳಿ, ಆ ವಾರದ ಗುರಿ ಓದಿಸಿ, ಮೇಜಿನ ಮೇಲೆ ಓಡಿಸಿ ತೋರಿಸಲು ಹೇಳಿ. ಹತ್ತು ನಿಮಿಷ ಸಾಕು.