ಲಕ್ಕಮ್ಮ ಹಿಂದಕ್ಕೆ ಕಳಿಸಿದ ಅಕ್ಕಿ



ಸುಗ್ಗಿ ಮುಗಿಯಿತೆಂದರೆ ನಮ್ಮ ಸೀಮೆಯಲ್ಲಿ ಮದುವೆಯ ಮಾತು ಏಳುತ್ತದೆ. ಚನ್ನಗಿರಿ ಕಡೆಯವರಾದರೆ ಅಡಿಕೆ ತೋಟ ಎಷ್ಟು ಎಕರೆ ಎಂದು ಕೇಳುತ್ತಾರೆ. ಹೊನ್ನಾಳಿ, ನ್ಯಾಮತಿ ಕಡೆಯವರು ನೀರಿನ ಅನುಕೂಲ ವಿಚಾರಿಸುತ್ತಾರೆ. ಮಳೆಯನ್ನೇ ನಂಬಿದ ಜಗಳೂರಿನ ಹುಡುಗನಿಗೆ ಹೆಣ್ಣು ಕೊಡಲು ನೀರಾವರಿಯವರು ಹಿಂದೆಮುಂದೆ ನೋಡುತ್ತಾರೆ. ಹೊಟ್ಟೆಪಾಡಿನ ಪ್ರಶ್ನೆ ಸಣ್ಣದಲ್ಲ, ಅದನ್ನು ಕೇಳಲೇಬೇಕು. ಆದರೆ ಈ ಹುಡುಗ ಸಿಟ್ಟು ಬಂದಾಗ ಹೇಗಿರುತ್ತಾನೆ, ಈ ಹುಡುಗಿಗೆ ತನ್ನ ಬಾಳಿನಲ್ಲಿ ಯಾವುದು ಬಿಟ್ಟುಕೊಡಲಾರದ್ದು, ಇದನ್ನು ಕೇಳುವವರು ಕಡಿಮೆ.

ಕೇಳದೆ ಬಿಡುವುದಕ್ಕೆ ಒಂದು ನಂಬಿಕೆ ಕಾರಣ. ಮಗ ಕುಡಿಯುತ್ತಾನೆ, ದುಡಿಯಲು ಮನಸ್ಸಿಲ್ಲ, ಮಾತು ಮಾತಿಗೆ ರೇಗುತ್ತಾನೆ. ತಾಯಿ ನಿಟ್ಟುಸಿರು ಬಿಟ್ಟು, ‘ಒಂದು ಮದುವೆ ಅಂತ ಮಾಡಿದರೆ ಸರಿಹೋಗ್ತಾನೆ’ ಅನ್ನುತ್ತಾಳೆ. ಹುಚ್ಚು ಬಿಡುವ ತನಕ ಮದುವೆ ಆಗುವುದಿಲ್ಲ, ಮದುವೆ ಆಗುವ ತನಕ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ನಾವು ನಕ್ಕು ಹೇಳುತ್ತೇವೆ. ಆ ನಗುವಿನ ಬೆಲೆಯನ್ನು ಬೇರೊಂದು ಮನೆಯ ಮಗಳು ತೆರುತ್ತಾಳೆ. ಅವನೊಳಗಿನ ಖಾಲಿಯನ್ನು ತುಂಬುವ ಕೆಲಸಕ್ಕೆ ಅವಳನ್ನು ಹಚ್ಚಿದಂತಾಯಿತು. ಹೆಣ್ಣುಮಕ್ಕಳಿಗೂ ನಾವು ಇದನ್ನೇ ಕಲಿಸಿದ್ದೇವೆ. ಗಂಡ ಬಂದ ಮೇಲೆ ಬಾಳು ಶುರು, ಅಲ್ಲಿಯವರೆಗೆ ನೀನು ಅರ್ಧ ಎಂದು ಹೇಳಿಯೇ ಬೆಳೆಸುತ್ತೇವೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಒಂದು ಗುಡಿಸಲಿತ್ತು. ಅಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿಗಳು ಇದ್ದರು. ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದ ಕಡೆಯಿಂದ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಬೇಯಿಸಿ ಜಂಗಮರಿಗೆ ನೀಡಿ ತಾವು ಉಣ್ಣುವುದು ಇಬ್ಬರ ನೇಮ. ಶೂನ್ಯಸಂಪಾದನೆಯಲ್ಲಿ ಇವರ ಪ್ರಸಂಗ ಬರುತ್ತದೆ. ಮಾರಯ್ಯ ಅನುಭಾವದ ಮಾತಿನಲ್ಲಿ ಮೈಮರೆತು ಕೂತುಬಿಟ್ಟಿದ್ದಾನೆ. ಹೊತ್ತು ಮೀರುತ್ತಿದೆ ಎಂದು ಲಕ್ಕಮ್ಮ ಅವನನ್ನು ಎಬ್ಬಿಸಿ ಕಾಯಕಕ್ಕೆ ಕಳಿಸುತ್ತಾಳೆ. ಅವನು ಲಗುಬಗೆಯಿಂದ ಹೋಗಿ, ಅಂದು ದಿನಕ್ಕಿಂತ ಹೆಚ್ಚು ಅಕ್ಕಿ ಕಟ್ಟಿಕೊಂಡು ಬರುತ್ತಾನೆ.

ಗಂಟು ಬಿಚ್ಚಿ ನೋಡಿದ ಲಕ್ಕಮ್ಮನಿಗೆ ಸಂತೋಷವಾಗಲಿಲ್ಲ. ಇಷ್ಟೊಂದು ಯಾಕೆ ತಂದಿರಿ, ಈ ಆಸೆ ನಮ್ಮಂಥವರಿಗೆ ತಕ್ಕದ್ದೇ ಎಂದು ಕೇಳಿದಳು. ನಮಗೆ ಎಂದಿನಷ್ಟೇ ಸಾಕು, ಉಳಿದದ್ದನ್ನು ಅಲ್ಲೇ ಸುರಿದು ಬನ್ನಿ ಎಂದಳು. ಮಾರಯ್ಯ ಹೋಗಿ ಸುರಿದು ಬಂದ.

ಈ ಪ್ರಸಂಗವನ್ನು ನಾವು ಆಸೆ ಪಡಬಾರದು ಎಂಬ ನೀತಿಗಷ್ಟೇ ಬಳಸುತ್ತೇವೆ. ಲಕ್ಕಮ್ಮ ಇಲ್ಲಿ ಮಾಡಿದ್ದೇನು, ಸ್ವಲ್ಪ ಹತ್ತಿರದಿಂದ ನೋಡಿ. ನಾವು ಹೊಗಳುವ ತ್ಯಾಗಮಯಿ ಹೆಂಡತಿಯಾಗಿದ್ದರೆ ಅವಳು ಏನು ಮಾಡುತ್ತಿದ್ದಳು? ಗಂಡನ ಮನಸ್ಸು ನೋಯಬಾರದೆಂದು ಸುಮ್ಮನೆ ಒಲೆ ಹಚ್ಚುತ್ತಿದ್ದಳು. ಲಕ್ಕಮ್ಮ ಹಾಗೆ ಮಾಡಲಿಲ್ಲ. ತನ್ನ ನೇಮ ಕೆಟ್ಟರೆ ತಾನು ತಾನಾಗಿ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ತನ್ನನ್ನು ತಾನು ಪ್ರೀತಿಸುವುದು ಎಂದರೆ ಇದೇ. ಗಂಡನೆದುರು ಹಟ ಹಿಡಿದಳಲ್ಲ, ಇದು ಸ್ವಾರ್ಥವಲ್ಲವೇ ಎಂದು ಯಾರಾದರೂ ಕೇಳಬಹುದು. ಆ ಹಟದಿಂದ ಅವಳ ಪಾಲಿಗೆ ಬಂದದ್ದು ಕಡಿಮೆ ಅಕ್ಕಿ. ಬೇರೆಯವರಿಗೆ ಸೇರಬೇಕಾದದ್ದನ್ನು ತನ್ನ ಕಡೆಗೆ ಎಳೆದುಕೊಳ್ಳುವುದು ಸ್ವಾರ್ಥ. ಅವಳು ಕಾಯ್ದುಕೊಂಡದ್ದು ತನ್ನದನ್ನು ಮಾತ್ರ, ಬೇರೆಯವರದ್ದನ್ನು ಹಿಂದಕ್ಕೆ ಕಳಿಸಿದಳು.

ಮಾರಯ್ಯನ ನಡೆ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ದುಡಿದು ತಂದವನು ಅವನು. ‘ತಂದು ಹಾಕುವವನು ನಾನು, ಕೇಳಲಿಕ್ಕೆ ನೀನ್ಯಾರು’ ಎಂಬ ಮಾತು ನಮ್ಮ ಎಷ್ಟು ಮನೆಗಳ ಗೋಡೆಗೆ ಪರಿಚಿತ! ಮಾರಯ್ಯನ ಬಾಯಲ್ಲಿ ಅದು ಬರಲಿಲ್ಲ. ಹೆಂಡತಿ ತಿದ್ದಿದಳು ಎಂಬ ಕಾರಣಕ್ಕೆ ತಾನು ಕುಗ್ಗಿಹೋದೆ ಎಂದು ಅವನಿಗೆ ಅನಿಸಲಿಲ್ಲ. ಒಳಗೆ ತುಂಬಿದವನಿಗೆ ಮಾತ್ರ ಹಾಗಿರಲು ಸಾಧ್ಯ. ಖಾಲಿಯಿರುವವನಿಗೆ ಪ್ರತಿಯೊಂದು ಮಾತೂ ಅವಮಾನ. ತನ್ನ ಬೆಲೆಯನ್ನು ಹೆಂಡತಿ ದಿನವೂ ಹೇಳುತ್ತಿರಬೇಕು, ಒಂದು ದಿನ ಹೇಳದಿದ್ದರೆ ತಟ್ಟೆ ಹಾರುತ್ತದೆ.

ಹಾಗೆಂದು ಯಾವ ಕೊರತೆಯೂ ಇಲ್ಲದವರು ಮಾತ್ರ ಮದುವೆಯಾಗಬೇಕು ಎಂದು ತಿಳಿಯಬೇಡಿ. ಮಾರಯ್ಯನೇ ಕಾಯಕ ಮರೆತ, ಮತ್ತೆ ಹೆಚ್ಚು ತಂದ, ಎರಡು ಸಲ ಜಾರಿದ. ಜೊತೆ ಬೇಕೆನಿಸುವುದು, ಒಂಟಿತನ ಕಾಡುವುದು ಕುಂದಲ್ಲ. ನಿಮ್ಮ ಅಡಿಕೆ ತೋಟದಲ್ಲಿ ಮೆಣಸಿನ ಬಳ್ಳಿ ಮರವನ್ನು ತಬ್ಬಿ ಮೇಲೇರುತ್ತದೆ, ಆದರೆ ಅದರ ಬೇರು ನೆಲದಲ್ಲಿರುತ್ತದೆ. ಮಾವಿನ ಕೊಂಬೆಗೆ ಹತ್ತಿದ ಬಂದಳಿಕೆ ಮರದೊಳಗೇ ಬೇರಿಳಿಸಿ ಅದರ ರಸವನ್ನು ಹೀರುತ್ತದೆ. ಎರಡೂ ಆಸರೆ ಬಯಸುವವೇ. ನಮ್ಮ ಬೇರು ಎಲ್ಲಿದೆ ಎಂಬುದನ್ನು ಮದುವೆಗೆ ಮುಂಚೆ ನಾವೇ ನೋಡಿಕೊಳ್ಳಬೇಕು.

ನೋಡಿಕೊಳ್ಳುವುದು ಹೇಗೆ ಎಂದರೆ, ನಿತ್ಯದ ನಡೆಯಲ್ಲೇ ಅದು ತಿಳಿಯುತ್ತದೆ. ಯಾರೂ ಹೊಗಳದ ದಿನವೂ ನನ್ನ ಕೆಲಸ ನಾನು ಮಾಡುತ್ತೇನೆಯೇ? ತಾಯಿಯೋ ತಂಗಿಯೋ ‘ಇದು ತಪ್ಪು’ ಎಂದಾಗ ಆ ಮಾತು ನನ್ನೊಳಗೆ ಇಳಿಯುತ್ತದೆಯೇ, ಇಲ್ಲ ಅವತ್ತೆಲ್ಲ ಮುಖ ಊದಿಸಿಕೊಂಡು ತಿರುಗುತ್ತೇನೆಯೇ? ಬರುವವರಿಂದ ನನಗೆ ಏನು ಬೇಕು ಎಂಬ ಪಟ್ಟಿ ಉದ್ದವಾಗಿದ್ದು, ನಾನೇನು ಕೊಡಬಲ್ಲೆ ಎಂಬ ಜಾಗ ಖಾಲಿಯಿದ್ದರೆ ಮದುವೆಯನ್ನು ಇನ್ನೂ ಒಂದು ವರ್ಷ ತಡೆಯುವುದು ಲೇಸು. ವರದಕ್ಷಿಣೆಗೆ ಬಾಯಿಬಿಡುವ ಮನೆಯಲ್ಲಿ ಈ ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ. 1961ರಲ್ಲೇ ಕಾನೂನು ಅದನ್ನು ಅಪರಾಧ ಎಂದಿತು. ಇವತ್ತಿಗೂ ಬೇರೆ ಬೇರೆ ಹೆಸರಿನಲ್ಲಿ ಅದು ನಡೆದೇ ಇದೆ.

ನಮ್ಮ ನೆರೆಯ ಶಿಕಾರಿಪುರ ಸೀಮೆಯ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿ ಬೇರೆ ದಾರಿ ಹಿಡಿದಳು. ಹರಿಹರ ಕವಿ ತನ್ನ ರಗಳೆಯಲ್ಲಿ ಹೇಳುವಂತೆ, ಅರಸ ಕೌಶಿಕನನ್ನು ಒಪ್ಪುವ ಮುಂಚೆಯೇ ತನ್ನ ಪೂಜೆ, ಶರಣರ ಸಂಗ, ಗುರುಭಕ್ತಿ ಇವಕ್ಕೆ ಅಡ್ಡಿ ಬರಬಾರದು ಎಂದು ಅವಳು ಕರಾರು ಹಾಕಿದಳು. ಅವನು ಮಾತು ಮುರಿದಾಗ ಅರಮನೆ ಬಿಟ್ಟು ನಡೆದಳು. ಚಾಮರಸನ ಕಾವ್ಯದಲ್ಲಿ ಆ ಮದುವೆಯೇ ನಡೆಯುವುದಿಲ್ಲ. ಎರಡರಲ್ಲೂ ಒಂದು ಮಾತು ಸಮಾನ. ಅರಸನ ಮನೆ ಸೇರಿದರೂ ಸೇರದಿದ್ದರೂ ಅವಳು ಅರ್ಧವಾಗಲಿಲ್ಲ. ಲಕ್ಕಮ್ಮ ಸಂಸಾರದಲ್ಲೇ ಇದ್ದು ಪೂರ್ಣಳಾಗಿದ್ದಳು. ಅವಳ 25 ವಚನಗಳು ಇಂದಿಗೂ ನಮಗೆ ಸಿಗುತ್ತವೆ. ಗಂಡನ ಅಂಕಿತವನ್ನು ಹಾಗೆಯೇ ಎತ್ತಿಕೊಳ್ಳದೆ, ‘ಮಾರಯ್ಯಪ್ರಿಯ ಅಮಲೇಶ್ವರಲಿಂಗ’ ಎಂದು ತನ್ನದೇ ಅಂಕಿತದಲ್ಲಿ ಬರೆದಳು. ಅದರೊಳಗೆ ಮಾರಯ್ಯನ ಹೆಸರನ್ನೂ ಪ್ರೀತಿಯಿಂದ ಇಟ್ಟುಕೊಂಡಳು.

ತಾಯಿ ತಂದೆಯರೇ, ಈ ವರ್ಷ ಹೆಣ್ಣು ನೋಡಲು ಹೋಗುವವರಲ್ಲಿ, ಗಂಡಿನ ಮನೆ ನೋಡಲು ಹೋಗುವವರಲ್ಲಿ ನಾನು ಕೈಮುಗಿದು ಕೇಳುವುದು ಇಷ್ಟೆ. ಅವಲಕ್ಕಿ, ಟೀ ಆದ ಮೇಲೆ ಹುಡುಗ ಹುಡುಗಿಯನ್ನು ಅರ್ಧ ಗಂಟೆ ಅವರ ಪಾಡಿಗೆ ಬಿಡಿ. ಯಾವುದನ್ನು ನಾನು ಬಿಟ್ಟುಕೊಡಲಾರೆ, ನನ್ನ ತಪ್ಪನ್ನು ನೀವು ಹೇಳಿದರೆ ನಾನು ಹೇಗೆ ಕೇಳಿಸಿಕೊಳ್ಳುತ್ತೇನೆ ಎಂದು ಅವರವರೇ ಹೇಳಿಕೊಳ್ಳಲಿ. ಮಗನ ಕುಡಿತವನ್ನು ಮುಚ್ಚಿಟ್ಟು ಲಗ್ನ ಗೊತ್ತು ಮಾಡಬೇಡಿ, ಮೊದಲು ಅವನನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಹುಡುಗಿ ಬೇಡವೆಂದರೆ ಆ ಮಾತಿಗೆ ಬೆಲೆ ಕೊಟ್ಟು ಎದ್ದು ಬನ್ನಿ.