ಫೋಟೋದಾಗಿನ ಪಾರಿವಾಳದ ಹಿಕ್ಕೆ ಅಳಿಸಬಹುದೇ?

ಪ್ರಶ್ನೆ: ಜಾತ್ರೆಯ ಕರಪತ್ರಕ್ಕಾಗಿ ನಮ್ಮೂರ ಗುಡಿಯ ಬಸವಣ್ಣನ ಫೋಟೋ ತೆಗೆಸಿದೆವು. ಹಣೆಯಿಂದ ಬಲಗೆನ್ನೆಯವರೆಗೆ ಪಾರಿವಾಳದ ಹಿಕ್ಕೆ ಹರಿದಿದೆ. ಪ್ರಿಂಟಿಂಗ್ ಪ್ರೆಸ್ಸಿನವರು ‘ಕಂಪ್ಯೂಟರಿನಾಗ ತೆಗೀತೀವಿ’ ಅಂತಾರೆ. ಹಿರಿಯರೊಬ್ಬರು ‘ದೇವರ ರೂಪ ತಿದ್ದಬಾರದು’ ಅಂತಾರೆ. ಯಾವುದು ಸರಿ?
— ಓದುಗರು, ತುರ್ವಿಹಾಳ

ಉತ್ತರ: ಹಿರಿಯರ ಮಾತನ್ನು ಹಗುರವಾಗಿ ತಳ್ಳಿಹಾಕಬೇಡಿ. ಆದರೆ ಅವರು ಹೆದರುತ್ತಿರುವುದು ರೂಪ ತಿದ್ದುವುದಕ್ಕೆ. ಹಿಕ್ಕೆ ಬಸವಣ್ಣನ ರೂಪದ ಭಾಗವಲ್ಲ, ನಿನ್ನೆ ಬಿದ್ದದ್ದು, ನಾಳೆ ನೀರು ಹಾಕಿದರೆ ಹೋಗುವಂಥದ್ದು. ಮುರಿದ ಕಿವಿ, ಸೀಳಿದ ಕೊಂಬು, ಸವೆದ ಗಂಟೆಸರ ಹಾಗಲ್ಲ. ಅವು ಆ ಕಲ್ಲು ಬದುಕಿದ ಕಾಲದ ಗುರುತು. ಫೋಟೋದಲ್ಲಿ ಮುರಿದ ಕಿವಿಯನ್ನು ಕೂಡಿಸಿದರೆ ಇಲ್ಲದ ಮೂರ್ತಿಯನ್ನು ಇದೆ ಎಂದು ತೋರಿಸಿದಂತಾಗುತ್ತದೆ.

ಮೊದಲು ಒಂದು ಮಾತು ಖಾತ್ರಿ ಮಾಡಿಕೊಳ್ಳಿ: ಅದು ನಿಜವಾಗಿ ಹಿಕ್ಕೆಯೇ? ಹಣೆಯ ಮೇಲಿನ ಬಿಳಿ ವಿಭೂತಿಯೂ ಇರಬಹುದು, ಅಭಿಷೇಕದ ಹಾಲು ಒಣಗಿದ್ದೂ ಇರಬಹುದು. ಫೋಟೋ ದೊಡ್ಡದು ಮಾಡಿ ನೋಡಿ. ಹಿಕ್ಕೆಯ ಬಿಳುಪಿನ ನಡುವೆ ಕಪ್ಪು ಅಥವಾ ಹಸಿರು ತುಣುಕು ಇರುತ್ತದೆ, ದಪ್ಪನಾಗಿದ್ದರೆ ಅಂಚಿಗೆ ಸಣ್ಣ ನೆರಳೂ ಬೀಳುತ್ತದೆ. ವಿಭೂತಿ ತೆಳ್ಳಗೆ, ಬೆರಳಿನ ಗುರುತಿನೊಂದಿಗೆ ಅಡ್ಡ ಗೆರೆಯಾಗಿರುತ್ತದೆ. ಹಾಲಿನ ಕಲೆ ನೆತ್ತಿಯಿಂದ ಹಲವು ಕವಲಾಗಿ ಇಳಿದಿರುತ್ತದೆ. ಕಲೆ ತೆಗೆಯಲು ಕೂತ ಹುಡುಗನಿಗೆ ಎಲ್ಲವೂ ಬಿಳಿ ಕಲೆಯೇ. ಅವನು ಹಿಕ್ಕೆಯ ಜೊತೆ ಪೂಜೆಯನ್ನೂ ಅಳಿಸಿಬಿಟ್ಟರೆ ಅದೇ ನೋಡಿ ತಪ್ಪು. ಅದಕ್ಕೇ ಪೂಜಾರಿಯವರು ಪಕ್ಕದಲ್ಲಿ ಕೂತು ತೋರಿಸಿಕೊಡಲಿ.

ಇನ್ನು ಕೆಲಸದ ಮಾತು. ಬಿಸಿಲಿನಲ್ಲಿ ತೆಗೆದ ಫೋಟೋದಲ್ಲಿ ದಪ್ಪ ಹಿಕ್ಕೆ ಬರೀ ಬಿಳಿಯಾಗಿ ಬಂದಿರುತ್ತದೆ. ಅದರ ಕೆಳಗಿನ ಕಲ್ಲು ಫೋಟೋದಲ್ಲಿ ಎಲ್ಲೂ ಇಲ್ಲ. ಅಲ್ಲಿ ತುಂಬುವುದೆಲ್ಲ ಅಕ್ಕಪಕ್ಕದ ಕಲ್ಲಿನಿಂದ ತಂದದ್ದು, ಅಂದರೆ ಊಹೆ. ಕೆನ್ನೆಯಂಥ ಬಯಲು ಭಾಗದಲ್ಲಿ ಈ ಊಹೆಯಿಂದ ತೊಂದರೆಯಿಲ್ಲ. ಫೋಟೋಶಾಪಿನಲ್ಲಿ ಮೂಲ ಚಿತ್ರದ ಮೇಲೆ ಖಾಲಿ ಪದರವೊಂದನ್ನು ತೆರೆದು, Healing Brush ಹಿಡಿದು, ಮೇಲೆ Sample ಎಂಬಲ್ಲಿ Current & Below ಆರಿಸಲಿ. ಕುಂಚ ಕಲೆಗಿಂತ ತುಸು ದೊಡ್ಡದಿರಲಿ. Alt ಒತ್ತಿ ಕಲ್ಲು ಎತ್ತಿಕೊಳ್ಳುವಾಗ ಅದೇ ಬೆಳಕು ಬಿದ್ದ, ಅದೇ ಕಣದ ಜಾಗ ನೋಡಲಿ. ಒಂದೇ ಜಾಗದಿಂದ ಎರಡು ಮೂರು ಸಲ ತಂದರೆ ಒಂದೇ ಚುಕ್ಕೆ ಅವಳಿ-ಜವಳಿಯಾಗಿ ಕಂಡು ಕಳ್ಳತನ ಬಯಲಾಗುತ್ತದೆ.

ಕಣ್ಣಿನ ಅಂಚು, ಮೂಗುದಾರದ ಕೆತ್ತನೆ ಬೇರೆ ಮಾತು. ಅಲ್ಲಿ Healing Brush ಕಪ್ಪು ಬಿಳುಪನ್ನು ಕಲಸಿ ಮಸಿ ಮಾಡುತ್ತದೆ. Clone Stamp ಹಿಡಿದು, ಅಂಚಿನ ಗೆರೆಯ ಮೇಲೆಯೇ ಗೆರೆ ಕೂಡಿಸಿ ತರಬೇಕು. ಹಿಕ್ಕೆ ಕೆತ್ತನೆಯನ್ನು ಪೂರ್ತಿ ಮುಚ್ಚಿದ್ದರೆ ಕಂಪ್ಯೂಟರ್ ಕೆಲಸ ಅಲ್ಲಿಗೇ ನಿಲ್ಲಿಸಿ, ಮೂರ್ತಿ ತೊಳೆದು ಇನ್ನೊಂದು ಫೋಟೋ ತೆಗೆಸಿ. ಶಿಲ್ಪಿ ಕೆತ್ತಿದ್ದನ್ನು ಪ್ರೆಸ್ಸಿನವರು ಕೆತ್ತಬಾರದು.

ಇದು ಬರೀ ನಾಜೂಕಿನ ಮಾತಲ್ಲ. ನಿಮ್ಮ ಹತ್ತಿರದ ಮಸ್ಕಿಯನ್ನೇ ನೆನೆಯಿರಿ. 1915ರಲ್ಲಿ ಅಲ್ಲಿ ಸಿಕ್ಕ ಬಂಡೆಯ ಶಾಸನದಲ್ಲಿ ‘ಅಶೋಕ’ ಎಂಬ ಹೆಸರಿದ್ದದ್ದರಿಂದಲೇ ದೇವಾನಾಂಪ್ರಿಯ ಅಂದರೆ ಯಾರು ಎಂಬುದು ಖಚಿತವಾಯಿತು. ಅಂಥ ಬಂಡೆಯ ಫೋಟೋದಲ್ಲಿ ಹಕ್ಕಿಯ ಕಲೆ ತೆಗೆಯುತ್ತೇನೆಂದು ಕುಂಚ ಆಡಿಸಿದರೆ ಅಕ್ಷರದ ಕಾಲೊಂದು ಹೋಗಬಹುದು, ಇಲ್ಲದ ಗೀರೊಂದು ಬರಬಹುದು. ದಾಖಲೆಗೆ, ಓದುವುದಕ್ಕೆ ಇಡುವ ಫೋಟೋದಲ್ಲಿ ಕಲೆ ಇರಲಿ ಬಿಡಿ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಛಾವಣಿ ಚಿತ್ರಗಳಂಥವಕ್ಕೂ ಇದೇ ಮಾತು, ಬಣ್ಣ ಉದುರಿದ್ದು ಯಾವುದು, ಕಲೆ ಯಾವುದು ಎಂದು ಫೋಟೋ ನೋಡಿ ಹೇಳುವುದು ಕಷ್ಟ.

ಹಾಗಾದರೆ ನಿಜವಾದ ದೋಷ ಎಲ್ಲಿ? ಕರಪತ್ರದಾಗ ಬಸವಣ್ಣ ಫಳಫಳ, ಗುಡಿಯಾಗ ಹಿಕ್ಕೆ ಹಾಗೇ ಇದೆ ಎಂದರೆ ಅಲ್ಲಿ. ಒಣಗಿದ ಹಿಕ್ಕೆಯನ್ನು ಕೆರೆಯಬೇಡಿ. ಅದರ ಧೂಳು ಉಸಿರಿಗೆ ಕೆಟ್ಟದ್ದು, ಕಲ್ಲಿಗೂ ಗೀರು ಬೀಳುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬರೀ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಹತ್ತು-ಹದಿನೈದು ನಿಮಿಷ ಅದರ ಮೇಲಿಟ್ಟು, ಮೆತ್ತಗಾದ ಮೇಲೆ ಬಿದಿರ ಕಡ್ಡಿಯಿಂದ ಎತ್ತಿ ತೊಳೆಯಿರಿ. ಆಸಿಡ್, ನಿಂಬೆಹುಳಿ, ಸೋಪಿನ ಪುಡಿ ಬೇಡ. ಬಣ್ಣ ಬಳಿದ ಹಳೆಯ ಗೋಡೆಗೆ ನೀರೂ ಮುಟ್ಟಿಸಬೇಡಿ. ಗುಡಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದ್ದರೆ ಅವರಿಗೇ ತಿಳಿಸಿ. ತೊಳೆದ ಮೇಲೆ ನಿಮ್ಮ ಸಂಪ್ರದಾಯದಂತೆ ಅಭಿಷೇಕ ಮಾಡಿಸಿ.

ಜಾತ್ರೆಗೆ ದಿನ ಉಳಿದಿದ್ದರೆ ಇಷ್ಟನ್ನು ಮಾಡಿ ಬೆಳಗಿನ ಬೆಳಕಿನಾಗ ಹೊಸ ಫೋಟೋ ತೆಗೆಸಿರಿ, ಪ್ರೆಸ್ಸಿನವರಿಗೆ ತಿದ್ದುವ ಕೆಲಸವೇ ಉಳಿಯುವುದಿಲ್ಲ. ದಿನ ಇಲ್ಲದಿದ್ದರೆ ಕೆನ್ನೆ ಮೇಲಿನದನ್ನು ತೆಗೆಸಿ, ತಿದ್ದದ ಮೂಲ ಫೋಟೋವನ್ನು ತಾರೀಖು ಬರೆದು ಗುಡಿಯ ಕಡತದಾಗ ಇಡಿರಿ.