ಹದಿನೇಳು ಅಂಗಡಿ, ಒಂದು ಹಂಚು

ನನ್ನ ಷಡ್ಡಕ ಹುಬ್ಬಳ್ಳಿ–ಧಾರವಾಡಕ್ಕೆ ತಿನ್ನಲೆಂದೇ ಹೊರಟಿದ್ದ. ಎರಡು ದಿನಕ್ಕೆ 17 ಅಂಗಡಿಗಳ ಪಟ್ಟಿ ಮಾಡಿಕೊಂಡು ಬಂದು, ಬಿಟ್ಟದ್ದೇನಾದರೂ ಇದ್ದರೆ ಸೇರಿಸಿ ಎಂದ. ನಾನು ಪೆನ್ನು ತೆಗೆದುಕೊಂಡು 14ನ್ನು ಹೊಡೆದುಹಾಕಿದೆ. ಅವನ ಮುಖ ಸಣ್ಣದಾಯಿತು.

ಹೊಡೆದುಹಾಕಲು ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ನಾನೂ ಹೀಗೆಯೇ ಪಟ್ಟಿ ಹಿಡಿದು ಹೋಗಿದ್ದೆ. ಬೆಳಿಗ್ಗೆ ಎಂಟಕ್ಕೆ ಶುರುಮಾಡಿ ಹನ್ನೊಂದಕ್ಕೆಲ್ಲ ಮೂರು ಕಡೆ ತಿಂದು, ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ ಊಟ ಮುಗಿಸಿದೆ. ಸಂಜೆ ಗಿರಮಿಟ್ಟಿನ ಗಾಡಿಯ ಮುಂದೆ ನಿಂತಾಗ ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲ. ಊರಿನ ಅತಿ ರುಚಿಯ ಹೊತ್ತಿಗೆ ಸರಿಯಾಗಿ ನನ್ನ ಹಸಿವು ಮುಗಿದಿತ್ತು. ತಿನ್ನುವ ಪ್ರವಾಸದಲ್ಲಿ ದುಡ್ಡು, ಸಮಯ ಹೇಗೋ ಹೊಂದುತ್ತವೆ. ಹೊಂದದೆ ಇರುವುದು ಹಸಿವು. ದಿನಕ್ಕೆ ಎರಡು ಸಲ ಚೆನ್ನಾಗಿ ಹಸಿದರೆ ಹೆಚ್ಚು.

ಹಾಗಾಗಿ ಷಡ್ಡಕನಿಗೆ ಅಂಗಡಿಗಳನ್ನು ಬದಿಗಿಟ್ಟು ಮೊದಲು ಒಂದು ಮನೆ ಹುಡುಕು ಎಂದೆ. ಅಡುಗೆ ಕಲಿಸಿಕೊಡುವ ಮನೆಯ ಹೊತ್ತು ನಮ್ಮ ಇಷ್ಟಕ್ಕೆ ಬದಲಾಗುವುದಿಲ್ಲ. ಅದನ್ನು ಮೊದಲು ಗೊತ್ತು ಮಾಡಿಕೊಂಡರೆ ಮಾರುಕಟ್ಟೆಗೆ ಹೋಗುವ ಬೆಳಗು ತಾನಾಗಿಯೇ ನಿಗದಿಯಾಗುತ್ತದೆ. ಬೀದಿ ತಿಂಡಿ ಉಳಿದ ಸಂಜೆಗಳಿಗೆ ಹೋಗುತ್ತದೆ. ಪರಿಚಯದವರ ಪರಿಚಯದವರ ಮೂಲಕ ಧಾರವಾಡದಲ್ಲಿ ಒಬ್ಬ ಅಕ್ಕ ಒಪ್ಪಿದರು. ನಾಲ್ಕಕ್ಕಿಂತ ಹೆಚ್ಚು ಜನ ಬೇಡ ಎಂದು ಅವರೇ ಹೇಳಿದರು. ಹಂಚು ಒಂದೇ, ಐದನೆಯವರು ಗೋಡೆಗೆ ಒರಗಿ ನಿಲ್ಲಬೇಕಾಗುತ್ತದೆ. ಎಷ್ಟು ಕೊಡಬೇಕೆಂಬುದನ್ನೂ ಫೋನಿನಲ್ಲೇ ಸ್ಪಷ್ಟ ಮಾಡಿಕೊಂಡದ್ದು ಒಳ್ಳೆಯದಾಯಿತು. ಊಟವಾದ ಮೇಲೆ ಆ ಮಾತು ಎತ್ತಿದರೆ ಎರಡೂ ಕಡೆಗೆ ಮುಜುಗರ.

ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ಆ ಕಡೆಯ ಮನೆಗಳಲ್ಲಿ ಅತಿಥಿಯ ಕೈಗೆ ಕೆಲಸ ಕೊಡುವುದಿಲ್ಲ. ಸುಮ್ಮನೆ ಹೋದರೆ ಹೋಳಿಗೆ, ಕಡುಬು, ನಾಲ್ಕು ಪಲ್ಯ ಮಾಡಿಟ್ಟು ಕೂರಿಸಿ ಬಡಿಸುತ್ತಾರೆ. ಊಟ ಅದ್ಭುತವಾಗಿರುತ್ತದೆ, ಕಲಿತದ್ದು ಸೊನ್ನೆ. ‘ಇವತ್ತು ನಿಮ್ಮ ಮನೆಯಲ್ಲಿ ಏನು ಮಾಡುತ್ತಿದ್ದಿರೋ ಅದನ್ನೇ ಮಾಡೋಣ, ನಾವೂ ಕೈ ಹಾಕುತ್ತೇವೆ’ ಎಂದು ಕೇಳಿಕೊಳ್ಳಬೇಕು. ನಮಗೆ ಸಿಕ್ಕದ್ದು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹಸಿ ಸೊಪ್ಪು, ಮೊಸರು. ನಮಗೆ ಅಂದೆನಲ್ಲ, ಕೊನೆಗೆ ನಾನೂ ಹೊರಟಿದ್ದೆ.

ಅಡುಗೆ ಹತ್ತಕ್ಕೆಂದರೆ ಮಾರುಕಟ್ಟೆಗೆ ಏಳೂವರೆಗೇ ಹೋಗಬೇಕು. ಏನು ಬೇಯಿಸುತ್ತೇವೆಂದು ಗೊತ್ತಿದ್ದು ಹೋದಾಗ ಮಾರುಕಟ್ಟೆ ಬೇರೆಯೇ ಕಾಣುತ್ತದೆ. ಫೋಟೋ ತೆಗೆಯುತ್ತಾ ಅಡ್ಡ ನಿಲ್ಲುವವರ ಜೊತೆ ಯಾರೂ ಮಾತಾಡುವುದಿಲ್ಲ. ಅರ್ಧ ಕಿಲೋ ಬದನೆಕಾಯಿ ಆರಿಸುವವರ ಜೊತೆ ಎಲ್ಲರೂ ಮಾತಾಡುತ್ತಾರೆ. ಎಣ್ಣೆಗಾಯಿಗೆ ಸಣ್ಣ ಮುಳುಗಾಯಿ ಬೇಕು. ತೊಟ್ಟು ಹಸಿರಾಗಿರಬೇಕು, ಕೈಯಲ್ಲಿ ಹಿಡಿದರೆ ಗಟ್ಟಿ ಅನ್ನಿಸಬೇಕು. ಮೆತ್ತಗಾದದ್ದರ ಒಳಗೆ ಬೀಜ ಬಲಿತಿರುತ್ತದೆ. ಹಕ್ಕರಕಿ ಸೊಪ್ಪನ್ನು ಒಂದು ಎಲೆ ಬಾಯಿಗೆ ಹಾಕಿಕೊಂಡೇ ಕೊಳ್ಳಬೇಕು. ಎಳೆಯದಾದರೆ ತುಸು ಖಾರ, ಬಲಿತಿದ್ದರೆ ಕಹಿ. ಅದನ್ನು ಬೇಯಿಸುವುದಿಲ್ಲ, ತೊಳೆದು ರೊಟ್ಟಿಯ ಪಕ್ಕಕ್ಕೆ ಇಡುತ್ತಾರೆ. ಚಳಿಗಾಲದಲ್ಲಿ ಹೋದರೆ ಇಂಥ ಸೊಪ್ಪು ಎಳೆಯದಾಗಿ ಸಿಗುತ್ತದೆ. ಅದೃಷ್ಟವಿದ್ದರೆ ಸೀತನಿಯೂ ಸಿಕ್ಕೀತು. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉದುರಿಸಿದ್ದು ಅದು. ವರ್ಷದಲ್ಲಿ ಕೆಲವೇ ವಾರ ಸಿಗುವಂಥದ್ದು, ಯಾವ ಹೋಟೆಲಿನ ಪಟ್ಟಿಯಲ್ಲೂ ಇರುವುದಿಲ್ಲ.

ಮಾರುಕಟ್ಟೆಯಿಂದ ಅಕ್ಕನ ಮನೆಗೆ ಹೋಗುವ ದಾರಿಯಲ್ಲಿ ಗಿರಣಿ. ಅವರು ಬಿಳಿಜೋಳ ಕೊಟ್ಟು ಅಲ್ಲೇ ಬೀಸಿಸಿದರು. ಹಿಟ್ಟು ಮುಟ್ಟಿದರೆ ಇನ್ನೂ ಬಿಸಿ. ಷಡ್ಡಕ, ‘ಅಂಗಡಿಯ ಪ್ಯಾಕೆಟ್ ಆಗದೇ?’ ಅಂದ. ಅಕ್ಕ ನಕ್ಕರು: ‘ಆಗತೈತ್ರಿ, ರೊಟ್ಟಿ ಮಾತ್ರ ಆಗೂದಿಲ್ಲ.’

ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುವಂತೆ ಮಾಡುವುದು ಎಸರು, ಅಂದರೆ ಕುದಿಯುವ ನೀರು. ಆ ಬಿಸಿಗೆ ಹಿಟ್ಟಿನ ಒಂದಂಶ ಬೆಂದು ಗಂಜಿಯಾಗಿ ಉಳಿದದ್ದನ್ನು ಹಿಡಿದಿಡುತ್ತದೆ. ಹಿಟ್ಟು ಹಳತಾದರೆ ಈ ಹಿಡಿತ ಹೋಗುತ್ತದೆ. ಹೆಂಗಸರು ಅದನ್ನು ‘ಜಿಗಿ ಹೋಗೈತಿ’ ಅನ್ನುತ್ತಾರೆ. ಅಕ್ಕ ಹಿಟ್ಟನ್ನು ಗುಡ್ಡೆ ಮಾಡಿ, ನಡುವೆ ಗುಳಿ ತೆಗೆದು ಎಸರು ಸುರಿದು, ಮೊದಲು ಸೌಟಿನ ಹಿಡಿಯಿಂದ ಕಲಸಿದರು. ಆಮೇಲೆ ಕೈಯಿಂದ, ಇನ್ನೂ ಬಿಸಿಯಿರುವಾಗಲೇ, ಅಂಗೈಯ ಬುಡ ಒತ್ತಿ ನಾದಿದರು. ‘ಅಂಜಬ್ಯಾಡ್ರಿ, ಆರಿದ ಮ್ಯಾಲೆ ನಾದಿದ್ರ ಬಿರೀತೈತಿ.’

ನನ್ನ ಮೊದಲ ರೊಟ್ಟಿ ಅಂಗೈ ಅಗಲ ಆಗುವಷ್ಟರಲ್ಲೇ ಅಂಚಿನಲ್ಲಿ ಬಿರಿಯಿತು. ನಾದಿದ್ದು ಸಾಲದು ಎಂಬುದರ ಗುರುತು ಅದು. ಎರಡನೆಯದು ಹಲಗೆಗೆ ಅಂಟಿತು, ಕೆಳಗೆ ಉದುರಿಸಿದ ಹಿಟ್ಟು ಕಡಿಮೆಯಾಗಿತ್ತು. ಮೂರನೆಯದು ಹಂಚಿನ ತನಕ ಹೋಯಿತು. ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುತ್ತಿದ್ದ ಹಾಗೆ ಮಗುಚಬೇಕು. ತಡಮಾಡಿದೆ, ಮೇಲ್ಮೈ ಒಣಗಿ ಬಿರುಕು ಬಿಟ್ಟಿತು. ಬಿರುಕಿನಲ್ಲಿ ಹಬೆ ಹೊರಗೆ ಹೋಗುವುದರಿಂದ ರೊಟ್ಟಿ ಉಬ್ಬಲಿಲ್ಲ. ಐದನೆಯದು ಅರ್ಧ ಉಬ್ಬಿತು. ಷಡ್ಡಕನ ಎರಡನೆಯದೇ ಪೂರ್ತಿ ಉಬ್ಬಿಬಿಟ್ಟಿತು, ಅದನ್ನು ಅವನು ಇವತ್ತಿಗೂ ನೆನಪಿಸುತ್ತಾನೆ. ಹತ್ತಕ್ಕೆ ಶುರುವಾದದ್ದು ಉಂಡು ಏಳುವಾಗ ಒಂದೂವರೆ.

ಆ ಸಂಜೆ ಒಂದೇ ತಿಂಡಿ. ಆರೂವರೆಗೆ ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗಿ ಗಿರಮಿಟ್ಟು, ಪಕ್ಕಕ್ಕೆ ಎರಡು ಮಿರ್ಚಿ. ಎರಡೂರಿನ ನಡುವೆ ಇರುವುದು ಸುಮಾರು 20 ಕಿಲೋಮೀಟರ್, ಅಷ್ಟರಲ್ಲಿ ಹಸಿವೂ ಬಂದಿತ್ತು. ಉಳ್ಳಾಗಡ್ಡಿ, ಹುಣಸೆ, ಬೆಲ್ಲದ ಗೊಜ್ಜನ್ನು ಮೊದಲೇ ಕುದಿಸಿಟ್ಟಿರುತ್ತಾರೆ. ಚುರಮುರಿಗೆ ಅದನ್ನು ನಮ್ಮೆದುರೇ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ ಕೊಡುವ ಗಾಡಿಯನ್ನೇ ಆರಿಸಬೇಕು. ಮೊದಲೇ ಕಲಸಿಟ್ಟದ್ದು ಬಾಯಲ್ಲಿ ಸದ್ದು ಮಾಡುವುದಿಲ್ಲ. ಕೈಗೆ ಬಂದ ಮೇಲೂ ಮಾತಾಡುತ್ತಾ ನಿಂತರೆ ಐದು ನಿಮಿಷದಲ್ಲಿ ಮೆತ್ತಗಾಗುತ್ತದೆ. ಷಡ್ಡಕ ಫೋಟೋ ತೆಗೆಯುತ್ತಾ ನಿಂತ, ಇನ್ನೊಂದು ಪ್ಲೇಟು ಹೇಳಬೇಕಾಯಿತು.

ಧಾರವಾಡ ಪೇಡೆಯನ್ನು ಹೊರಡುವ ಬೆಳಿಗ್ಗೆಗೆ ಬಿಟ್ಟಿದ್ದೆವು. ಅದು ಗಂಟು ಕಟ್ಟಿಕೊಳ್ಳುವ ವಸ್ತು, ಅದಕ್ಕಾಗಿ ಒಂದು ಹಸಿವನ್ನು ಖರ್ಚು ಮಾಡಬೇಕಿಲ್ಲ.

ನೀವೂ ಹೋದರೆ ಬರುವಾಗ ಎರಡು ಕಿಲೋ ಬಿಳಿಜೋಳ ತನ್ನಿ. ಹಿಟ್ಟು ತರಬೇಡಿ. ಮನೆಯ ಹತ್ತಿರ ಜೋಳ ಬೀಸುವ ಗಿರಣಿ ಎಲ್ಲಿದೆಯೆಂದು ಹೊರಡುವ ಮೊದಲೇ ವಿಚಾರಿಸಿಡಿ.